ಬಾಡಿಗೆ ಹಾಕುವ ಬ್ಯಾಂಕ್ ಖಾತೆ ಬದಲಾದಾಗ: ಓನರ್ ನೋಟಿಸ್ ಕೊಡುವ ಕ್ರಮ, ಬಾಡಿಗೆದಾರರು ಖಚಿತ ಮಾಡಿಕೊಳ್ಳುವ ಕ್ರಮ

"ನಮಸ್ತೆ, ನನ್ನ ಅಕೌಂಟ್ ಚೇಂಜ್ ಆಗಿದೆ. ಈ ತಿಂಗಳಿಂದ ಬಾಡಿಗೆ ಈ ನಂಬರ್‌ಗೆ ಹಾಕಿ."

ಖಾತೆ ಬದಲಾಯಿಸಿದ ಮನೆ ಓನರ್‌ಗಳು ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಕಳಿಸುವುದು ಇಷ್ಟೇ. ಓನರ್ ಹೆಸರು ಹೇಳಿಕೊಂಡು ಬಾಡಿಗೆ ಲಪಟಾಯಿಸುವವನು ಕಳಿಸುವುದೂ ಇದನ್ನೇ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಅಸಲಿ, ಯಾವುದು ನಕಲಿ ಅಂತ ಯಾರೂ ಹೇಳಲಾರರು. ಬಾಡಿಗೆದಾರರು ಮತ್ತೆ ಮತ್ತೆ ಮೋಸ ಹೋಗುವುದು ಇಲ್ಲೇ. ಸಂದೇಶ ನಿಜವೋ ಸುಳ್ಳೋ ಎಂದು ಅದೇ ಸಂದೇಶದೊಳಗೆ ಹುಡುಕುತ್ತಾರೆ. ಅದರಲ್ಲಿರುವ ನಂಬರ್‌ಗೇ ಫೋನ್ ಮಾಡುತ್ತಾರೆ, ಅದರ ಜೊತೆ ಬಂದ ಪಾಸ್‌ಬುಕ್ ಫೋಟೋ ನೋಡಿ ಸಮಾಧಾನ ಮಾಡಿಕೊಳ್ಳುತ್ತಾರೆ.

ಹಾಗಾಗಿ ಈ ಕೆಲಸದಲ್ಲಿ ಎರಡು ಭಾಗ ಇದೆ. ಓನರ್ ಕೊಡುವ ನೋಟಿಸ್, "ನನ್ನನ್ನು ಸುಮ್ನೆ ನಂಬಬೇಡಿ, ಹೀಗೆ ಪರೀಕ್ಷೆ ಮಾಡಿ" ಎಂದು ತಾನೇ ಹೇಳಬೇಕು. ಬಾಡಿಗೆದಾರರು ಆ ಪರೀಕ್ಷೆಯನ್ನು ತಮ್ಮ ಬಳಿ ಮೊದಲಿಂದ ಇರುವ ದಾರಿಯಲ್ಲಿ ಮಾಡಬೇಕು.

ಉದಾಹರಣೆಗೆ ಒಂದು ಸಂದರ್ಭ ಇಟ್ಟುಕೊಳ್ಳೋಣ. ಬೆಂಗಳೂರಿನ ಹನುಮಂತನಗರದಲ್ಲಿ ಐದು ಬಾಡಿಗೆ ಮನೆಗಳ ಒಂದು ಕಟ್ಟಡ. ನೆಲಮಹಡಿಯಲ್ಲಿ ಓನರ್ ಮೊದಲು ತಾವೇ ಇದ್ದರು, ಈಗ ಮಗಳ ಜೊತೆ ಮೈಸೂರಿನಲ್ಲಿದ್ದಾರೆ. ಬಾಡಿಗೆ ಬರುವ ಖಾತೆಯನ್ನು ಮೈಸೂರಿನ ಮನೆ ಹತ್ತಿರದ ಬ್ಯಾಂಕಿಗೆ ಬದಲಾಯಿಸಬೇಕಿದೆ. ಜುಲೈ ತಿಂಗಳ ಬಾಡಿಗೆ ಹೊಸ ಖಾತೆಗೆ ಬರಬೇಕು. ಮೊದಲ ಮಹಡಿಯ ಮನೆಯ ಬಾಡಿಗೆ 18,000 ರೂಪಾಯಿ, ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಕೊಡಬೇಕು.

## ಮೊದಲು ಕೈಯಲ್ಲಿ ಇಟ್ಟುಕೊಳ್ಳಬೇಕಾದದ್ದು

ಓನರ್ ಬಳಿ ಹೊಸ ಖಾತೆಯ ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲ ಮನೆಗಳ ಬಾಡಿಗೆ ಕರಾರಿನ ಪ್ರತಿ, ಬಾಡಿಗೆದಾರರ ಫೋನ್ ನಂಬರ್ ಇರಲಿ. ಬಾಡಿಗೆದಾರರಿಗೆ ಬೇಕಾದದ್ದು ಎರಡೇ: ತಮ್ಮ ಕರಾರಿನ ಪ್ರತಿ, ಮತ್ತು ಓನರ್‌ನ ಹಳೆಯ ನಂಬರ್. ಕರಾರಿನಲ್ಲಿ ಬ್ಯಾಂಕ್ ಖಾತೆ ನಂಬರ್ ಬರೆದಿದೆಯಾ, ನೋಟಿಸ್ ಹೇಗೆ ಕೊಡಬೇಕು ಅಂತ ಇದೆಯಾ, ಒಮ್ಮೆ ಓದಿ. ಖಾತೆ ನಂಬರ್ ಬರೆದಿದ್ದರೆ ಬದಲಾವಣೆಯೂ ಬರವಣಿಗೆಯಲ್ಲೇ, ಸಹಿ ಹಾಕಿಯೇ ಆಗಬೇಕು.

## ಓನರ್ ಮಾಡಬೇಕಾದ್ದು

### ಹಂತ 1: ಹೊಸ ಖಾತೆಯನ್ನು ನೀವೇ ಮೊದಲು ಪರೀಕ್ಷಿಸಿ, ಹಳೆಯದನ್ನು ಮುಚ್ಚಬೇಡಿ

ಮನೆಯವರ ಫೋನಿನಿಂದ ಹೊಸ ಖಾತೆಗೆ ಹತ್ತು ರೂಪಾಯಿ ಹಾಕಿಸಿ. ಹಣ ಬಂದದ್ದು ಮಾತ್ರ ನೋಡಿದರೆ ಸಾಲದು, ಕಳಿಸುವವರ ಸ್ಕ್ರೀನಿನಲ್ಲಿ ನಿಮ್ಮ ಹೆಸರು ಹೇಗೆ ಕಾಣುತ್ತದೆ ಎಂದು ನೋಡಿ ಬರೆದಿಟ್ಟುಕೊಳ್ಳಿ. ನಮ್ಮ ಕಡೆಯ ಹೆಸರುಗಳಲ್ಲಿ ಇದೇ ದೊಡ್ಡ ಗೊಂದಲ. ಕರಾರಿನಲ್ಲಿ ಇನಿಷಿಯಲ್ ಮುಂದಿರುತ್ತದೆ, ಬ್ಯಾಂಕಿನಲ್ಲಿ ಹಿಂದಿರುತ್ತದೆ. ಕೆಲವರಿಗೆ ಇನಿಷಿಯಲ್ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಪೂರ್ತಿ ಬಂದಿರುತ್ತದೆ. ಜಂಟಿ ಖಾತೆಯಾದರೆ ಮೊದಲ ಹೆಸರು ಹೆಂಡತಿಯದ್ದೋ ಮಗಳದ್ದೋ ಆಗಿರಬಹುದು. ಇದನ್ನು ನೀವು ಮೊದಲೇ ಹೇಳದಿದ್ದರೆ, ಎಚ್ಚರಿಕೆಯಿರುವ ಬಾಡಿಗೆದಾರರು ಸರಿಯಾದ ಖಾತೆಯನ್ನೇ ಅನುಮಾನಿಸುತ್ತಾರೆ. ಎಚ್ಚರಿಕೆ ಇಲ್ಲದವರು ತಪ್ಪು ಹೆಸರು ಕಂಡರೂ "ಇರಬಹುದು ಬಿಡು" ಅಂತ ಒತ್ತಿಬಿಡುತ್ತಾರೆ.

ಹಳೆ ಖಾತೆ ಕನಿಷ್ಠ ಮೂರು ತಿಂಗಳು ತೆರೆದೇ ಇರಲಿ. ಕೆಲವರು ಪ್ರತಿ ತಿಂಗಳು ತಾನಾಗೇ ಹಣ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟಿರುತ್ತಾರೆ, ಅದನ್ನು ಬದಲಿಸಲು ಮರೆಯುತ್ತಾರೆ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಹಳೆ ಖಾತೆ ತೆರೆದಿದ್ದರೆ ಅನುಮಾನ ಇರುವ ಬಾಡಿಗೆದಾರರು ಈ ತಿಂಗಳು ಅಲ್ಲಿಗೇ ಹಾಕಬಹುದು. ಅವಸರ ಇರುವುದಿಲ್ಲ. ಅವಸರವಿಲ್ಲದ ಕಡೆ ಮೋಸಗಾರನಿಗೆ ಜಾಗ ಕಡಿಮೆ.

### ಹಂತ 2: ತಾರೀಖುಗಳನ್ನು ಹಿಂದಿನಿಂದ ಲೆಕ್ಕ ಹಾಕಿ

ನಮ್ಮ ಉದಾಹರಣೆಯಲ್ಲಿ ಹೊಸ ಖಾತೆಗೆ ಮೊದಲ ಬಾಡಿಗೆ ಬೀಳಬೇಕಾದ್ದು ಜುಲೈ 5ಕ್ಕೆ. ಹಾಗಾದರೆ ಜೂನ್ 10ಕ್ಕೆ ನೋಟಿಸ್, ಜೂನ್ 25ರೊಳಗೆ ಪ್ರತಿ ಮನೆಯಿಂದ ಪರೀಕ್ಷೆಯ ಸಣ್ಣ ಹಣ, ಸೆಪ್ಟೆಂಬರ್ 30ರವರೆಗೆ ಹಳೆ ಖಾತೆ ಚಾಲ್ತಿ. ತಿಂಗಳ 3ನೇ ತಾರೀಖು ನೋಟಿಸ್ ಕಳಿಸಿ 5ಕ್ಕೆ ಹಣ ಕೇಳುವುದು ಬೇಡ. ನೀವು ಪ್ರಾಮಾಣಿಕರೇ ಇರಬಹುದು, ಆದರೆ ಅದು ಮೋಸಗಾರನ ವೇಗ. ಇವತ್ತು ಆ ವೇಗಕ್ಕೆ ಬಾಡಿಗೆದಾರರನ್ನು ಒಗ್ಗಿಸಿದರೆ, ನಾಳೆ ನಿಮ್ಮ ಹೆಸರಲ್ಲಿ ಬರುವ ಸುಳ್ಳು ಸಂದೇಶವನ್ನೂ ಅವರು ಹಾಗೇ ಒಪ್ಪುತ್ತಾರೆ.

### ಹಂತ 3: ನೋಟಿಸ್ ಬರೆಯಿರಿ, ಪೂರ್ತಿ ಖಾತೆ ನಂಬರ್ ಬರೆಯಬೇಡಿ

ನೋಟಿಸಿನಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಇರಲಿ. ಪೂರ್ತಿ ನಂಬರನ್ನು ಬೇರೆ ದಾರಿಯಲ್ಲಿ, ಕೈಯಿಂದ ಕೈಗೆ ಅಥವಾ ಫೋನಿನಲ್ಲಿ ಕೊಡಿ. ಹೀಗೆ ಎರಡು ತುಂಡು ಮಾಡಿದರೆ ಯಾವುದೋ ಒಂದು ದಾರಿ ಕೆಟ್ಟರೂ ಎರಡು ತುಂಡು ಹೊಂದುವುದಿಲ್ಲ, ತಕ್ಷಣ ಗೊತ್ತಾಗುತ್ತದೆ. ಮಾದರಿ ಹೀಗಿರಲಿ:

> ದಿನಾಂಕ: ಜೂನ್ 10
>
> ಮೊದಲ ಮಹಡಿ, ಮನೆ ನಂ. 2ರ ಬಾಡಿಗೆದಾರರಿಗೆ,
>
> ಜುಲೈ ತಿಂಗಳ ಬಾಡಿಗೆಯಿಂದ ನೀವು ಹಣ ಹಾಕಬೇಕಾದ ಬ್ಯಾಂಕ್ ಖಾತೆ ಬದಲಾಗುತ್ತಿದೆ. ಕಾರಣ: ನಾನು ಮೈಸೂರಿಗೆ ಬಂದಿದ್ದೇನೆ.
>
> ಹಳೆ ಖಾತೆಯ ಕೊನೆಯ ನಾಲ್ಕು ಅಂಕಿ: ______
> ಹೊಸ ಖಾತೆಯ ಬ್ಯಾಂಕ್, ಶಾಖೆ: ______
> ಹೊಸ ಖಾತೆಯ ಕೊನೆಯ ನಾಲ್ಕು ಅಂಕಿ: ______
> ಹಣ ಕಳಿಸುವಾಗ ಕಾಣುವ ಹೆಸರು: ______ (ಬ್ಯಾಂಕಿನಲ್ಲಿ ಇರುವ ಹಾಗೇ)
>
> ಈ ಪತ್ರವನ್ನಷ್ಟೇ ನಂಬಿ ಹಣ ಹಾಕಬೇಡಿ. ಕರಾರು ಮಾಡಿದ ದಿನದಿಂದ ನಿಮ್ಮ ಬಳಿ ಇರುವ ನನ್ನ ನಂಬರ್‌ಗೆ ಫೋನ್ ಮಾಡಿ. ಪೂರ್ತಿ ಖಾತೆ ನಂಬರ್ ಆಗ ಹೇಳುತ್ತೇನೆ. ಆಮೇಲೆ ನಿಮಗೆ ತೋಚಿದ ಒಂದು ಸಣ್ಣ ಮೊತ್ತ ಕಳಿಸಿ, ಎಷ್ಟು ಕಳಿಸಿದ್ದೀರಿ ಎಂದು ಹೇಳಬೇಡಿ. ಎಷ್ಟು ಬಂತು ಎಂದು ನಾನು ಹೇಳಬೇಕು.
>
> ಹಳೆ ಖಾತೆ ಸೆಪ್ಟೆಂಬರ್ 30ರವರೆಗೆ ಇರುತ್ತದೆ. ಅನುಮಾನ ಇದ್ದರೆ ಅಲ್ಲಿಯವರೆಗೆ ಹಳೆಯದಕ್ಕೇ ಹಾಕಿ. ತಡ ಎಂದು ಲೆಕ್ಕ ಹಿಡಿಯುವುದಿಲ್ಲ.
>
> ಬಾಡಿಗೆ ಮೊತ್ತ, ಅಡ್ವಾನ್ಸ್, ಕರಾರಿನ ಉಳಿದ ಯಾವ ಷರತ್ತೂ ಬದಲಾಗಿಲ್ಲ. ಇದಾದ ಮೇಲೆ ಮತ್ತೊಂದು ಖಾತೆ ಬದಲಾವಣೆಯ ಸಂದೇಶ ಬಂದರೆ ಅದು ನನ್ನದಲ್ಲ ಎಂದೇ ತಿಳಿದು ಫೋನ್ ಮಾಡಿ.
>
> ಸಹಿ

ಗಮನಿಸಿ, ಪತ್ರದಲ್ಲಿ ಫೋನ್ ನಂಬರ್ ಬೇಕಂತಲೇ ಬರೆದಿಲ್ಲ. ನಂಬರ್ ಬರೆದರೆ ಓದಿದವರು ಆ ನಂಬರ್‌ಗೇ ಫೋನ್ ಮಾಡುತ್ತಾರೆ. "ನಿಮ್ಮ ಬಳಿ ಇರುವ ನಂಬರ್" ಅಂದರೆ ಅವರು ತಮ್ಮ ಫೋನಿನಲ್ಲೇ ಹುಡುಕಬೇಕು. ಕೊನೆಯ ವಾಕ್ಯವನ್ನೂ ಬಿಡಬೇಡಿ. ಅಸಲಿ ನೋಟಿಸ್ ಹೋದ ಒಂದೆರಡು ವಾರದಲ್ಲಿ "ಆ ಅಕೌಂಟ್‌ನಲ್ಲಿ ತೊಂದರೆ ಇದೆ, ಇದಕ್ಕೆ ಹಾಕಿ" ಅಂತ ಎರಡನೇ ಸಂದೇಶ ಬಂದರೆ ಜನ ಸುಲಭವಾಗಿ ಬೀಳುತ್ತಾರೆ. ಖಾತೆ ಬದಲಾಗುತ್ತಿರುವ ವಿಷಯ ಅವರ ತಲೆಯಲ್ಲಿ ಆಗಲೇ ಇರುತ್ತದಲ್ವಾ.

### ಹಂತ 4: ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ತಲುಪಿಸಿ

ಕಾಗದದ ಮೇಲೆ ಸಹಿ ಮಾಡಿದ ಪ್ರತಿ ಕೊಡಿ, ಇನ್ನೊಂದು ಪ್ರತಿಗೆ ಬಾಡಿಗೆದಾರರ ಸಹಿ, ತಾರೀಖು ಪಡೆಯಿರಿ. ನೀವು ಊರಲ್ಲಿ ಇಲ್ಲದಿದ್ದರೆ ಅಂಚೆಯಲ್ಲಿ ಕಳಿಸಿ, ಪತ್ರ ಕೈಸೇರಿದ ಮೇಲೆ ಫೋನ್ ಮಾಡಲು ಅವರಿಗೆ ಹೇಳಿ. ಮೆಟ್ಟಿಲ ಬಳಿ ಗೋಡೆಗೆ ಅಂಟಿಸುವುದು, ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡ. ಕ್ಯೂಆರ್ ಕೋಡನ್ನಂತೂ ಗೋಡೆಗೆ ಅಂಟಿಸಲೇಬೇಡಿ, ಅದರ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸಲು ಅರ್ಧ ನಿಮಿಷ ಸಾಕು. ಆಧಾರ್, ಪ್ಯಾನ್ ಪ್ರತಿಗಳನ್ನು ನಂಬಿಕೆಗಾಗಿ ಜೊತೆಗೆ ಕಳಿಸುವ ಅಭ್ಯಾಸ ಇದೆ. ಅದರಿಂದ ನಿಮ್ಮ ದಾಖಲೆ ಕೈಕೈ ಸುತ್ತುತ್ತದೆಯೇ ಹೊರತು ಖಾತೆ ನಿಮ್ಮದೆಂದು ಸಾಬೀತಾಗುವುದಿಲ್ಲ.

## ಬಾಡಿಗೆದಾರರು ಮಾಡಬೇಕಾದ್ದು

### ಹಂತ 5: ಹಳೆ ನಂಬರ್‌ಗೆ ಮಾಮೂಲಿ ಕರೆ ಮಾಡಿ

ಸಂದೇಶ ಓನರ್‌ನ ಅದೇ ಹಳೆ ಚಾಟ್‌ನಲ್ಲಿ, ಅದೇ ಡಿಪಿಯೊಂದಿಗೆ ಬಂದಿದೆ ಎಂಬುದು ಸಾಕ್ಷಿಯಲ್ಲ. ಅವರ ವಾಟ್ಸಾಪ್ ಬೇರೆಯವರ ಕೈ ಸೇರಿದ್ದರೆ ಸಂದೇಶ ಅಲ್ಲಿಂದಲೇ ಬರುತ್ತದೆ. ಆದ್ದರಿಂದ ವಾಟ್ಸಾಪ್ ಕರೆ ಬೇಡ, ಸಾಮಾನ್ಯ ಫೋನ್ ಕರೆ ಮಾಡಿ. ಕರೆ ನೀವೇ ಮಾಡಬೇಕು. ಅವರಿಂದ ಬಂದ ಕರೆಯಲ್ಲಿ ಖಚಿತ ಮಾಡಿಕೊಂಡರೆ ಅದು ಲೆಕ್ಕಕ್ಕಿಲ್ಲ.

ಒಂದು ಮಿತಿ ತಿಳಿದಿರಲಿ. ಮೋಸಗಾರರು ಓನರ್‌ಗೆ ಏನೋ ನೆಪ ಹೇಳಿ ಫೋನಿನಲ್ಲಿ ಒಂದು ಕೋಡ್ ಒತ್ತಿಸಿ, ಅವರ ಕರೆಗಳನ್ನೆಲ್ಲ ತಮ್ಮ ಕಡೆ ತಿರುಗಿಸಿಕೊಳ್ಳುವುದೂ ಉಂಟು. ಆಗ ಸರಿಯಾದ ನಂಬರ್‌ಗೆ ಮಾಡಿದ ಕರೆಯನ್ನೂ ಬೇರೆಯವರು ಎತ್ತುತ್ತಾರೆ. ಹಾಗಾಗಿ ದನಿ ಗುರುತು ಸಿಗಬೇಕು. "ಸಾರ್, ಹೋದ ವರ್ಷ ಸಂಪ್ ಮೋಟಾರ್ ರಿಪೇರಿ ಮಾಡಿಸಿದ್ರಲ್ಲ, ಯಾರು ಬಂದಿದ್ದು?" ಅಂತ ಸಹಜವಾಗಿ ಒಂದು ಮಾತು ಕೇಳಿ. ಹೆಸರು, ಬಾಡಿಗೆ ಮೊತ್ತ, ಮನೆ ನಂಬರ್ ಕೇಳಬೇಡಿ, ಅವೆಲ್ಲ ಹಳೆ ಚಾಟ್‌ನಲ್ಲೇ ಸಿಗುತ್ತವೆ. ದನಿ ಬೇರೆ ಅನಿಸಿದರೆ ಓನರ್ ಮಗಳಿಗೋ, ಕರಾರು ಮಾಡಿಸಿದ ಬ್ರೋಕರ್‌ಗೋ, ಪಕ್ಕದ ಮನೆಯವರಿಗೋ ಫೋನ್ ಮಾಡಿ. ಓನರ್ ವಿದೇಶದಲ್ಲಿದ್ದರೆ ಮುಖ ಕಾಣುವ ವಿಡಿಯೋ ಕರೆಯೇ ಆಗಬೇಕು.

### ಹಂತ 6: ಹಣ ಒತ್ತುವ ಮುಂಚೆ ಹೆಸರು ನೋಡಿ

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು. ನೆಫ್ಟ್‌ನಲ್ಲಿ ಹಣ ಜಮಾ ಆಗುವುದು ಖಾತೆ ನಂಬರ್ ಆಧಾರದ ಮೇಲೆ ಮಾತ್ರ. ನೀವು ಹೆಸರಿನ ಜಾಗದಲ್ಲಿ ಓನರ್ ಹೆಸರು ಟೈಪ್ ಮಾಡಿದರೂ ಬ್ಯಾಂಕ್ ಅದನ್ನು ಹೊಂದಿಸಿ ನೋಡುವುದಿಲ್ಲ. "ಹೆಸರು ಸರಿಯಾಗಿ ಹಾಕಿದ್ದೆ, ತಪ್ಪು ಖಾತೆಗೆ ಹೇಗೆ ಹೋಯಿತು" ಎಂದು ಕೇಳುವವರು ಇಲ್ಲೇ ಎಡವಿರುತ್ತಾರೆ.

ಈಗ ಪರಿಸ್ಥಿತಿ ಸ್ವಲ್ಪ ಸುಧಾರಿಸಿದೆ. ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿ ಹಾಕಿದಾಗ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು ನೆಫ್ಟ್, ಆರ್‌ಟಿಜಿಎಸ್‌ಗೆ 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಹೇಳಿತು. ನಿಮ್ಮ ಬ್ಯಾಂಕಿನ ಆಪ್‌ನಲ್ಲಿ ಹೊಸ ಖಾತೆ ಸೇರಿಸುವಾಗ ಆ ಹೆಸರು ಬರುತ್ತದೆ, ಅದನ್ನು ನೋಡದೆ ಮುಂದೆ ಹೋಗಬೇಡಿ. ಯುಪಿಐನಲ್ಲಿ ಪಿನ್ ಒತ್ತುವ ಮುಂಚೆ ಬ್ಯಾಂಕಿನಲ್ಲಿರುವ ಹೆಸರು ಕಾಣುತ್ತದೆ. ನಿಮ್ಮ ಫೋನಿನಲ್ಲಿ ನೀವು ಉಳಿಸಿಕೊಂಡ ಅಡ್ಡಹೆಸರು ಅದಲ್ಲ.

ಕಂಡ ಹೆಸರನ್ನು ನೋಟಿಸಿನ ಹೆಸರಿಗೂ ಕರಾರಿನ ಹೆಸರಿಗೂ ಹೋಲಿಸಿ. ಐಎಫ್‌ಎಸ್‌ಸಿಯನ್ನೂ ನೋಡಿ. ಅದರಲ್ಲಿ ಹನ್ನೊಂದು ಅಕ್ಷರ ಇರುತ್ತವೆ, ಮೊದಲ ನಾಲ್ಕು ಬ್ಯಾಂಕಿನದು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯದು. ಮೈಸೂರು ಶಾಖೆ ಎಂದು ಹೇಳಿ ಕೊಟ್ಟ ಐಎಫ್‌ಎಸ್‌ಸಿ ಎಲ್ಲೋ ದೂರದ ರಾಜ್ಯದ ಊರು ತೋರಿಸಿದರೆ ಅಲ್ಲಿಗೇ ನಿಲ್ಲಿಸಿ. ಬ್ಯಾಂಕ್ ವಿಲೀನದ ನೆಪವೂ ಸಾಮಾನ್ಯ. ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿದ ಮೇಲೆ SYNB ಎಂದು ಶುರುವಾಗುವ ಐಎಫ್‌ಎಸ್‌ಸಿಗಳು 2021ರ ಜುಲೈ 1ರಿಂದ ನಿಂತು CNRB ಆದವು. ಅದು ನಿಜವಾದ ಬದಲಾವಣೆ. ಆದರೆ ವಿಲೀನ ಆಯಿತೆಂದು ಓನರ್ ಖಾತೆ ಬೇರೊಬ್ಬರ ಹೆಸರಿಗೆ ಹೋಗುವುದಿಲ್ಲ.

ಹೆಸರು ಹೊಂದಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮಂಜುನಾಥ, ನಾಗರಾಜ ಎಂಬ ಹೆಸರಿನ ಖಾತೆಗಳು ಎಷ್ಟೋ ಇವೆ. ಅದಕ್ಕೇ ಮುಂದಿನ ಹಂತ.

### ಹಂತ 7: ಮೊತ್ತ ಹೇಳದೆ ಸಣ್ಣ ಹಣ ಕಳಿಸಿ

ಒಂದು ರೂಪಾಯಿ ಕಳಿಸಿ "ಬಂತಾ?" ಎಂದು ಕೇಳುವುದು ಎಲ್ಲರ ಅಭ್ಯಾಸ. ಅದರಲ್ಲಿ ಸತ್ವ ಇಲ್ಲ. ಹಣ ಯಾರ ಖಾತೆಗೆ ಹೋಗಿದ್ದರೂ "ಬಂತು" ಅಂತ ಯಾರು ಬೇಕಾದರೂ ಹೇಳಬಹುದು. ಹೀಗೆ ಮಾಡಿ: ಮೊದಲ ಮಹಡಿಯವರು ಹೊಸ ಖಾತೆಗೆ 17 ರೂಪಾಯಿ ಹಾಕುತ್ತಾರೆ. ಎಷ್ಟೆಂದು ಎಲ್ಲೂ ಬರೆಯುವುದಿಲ್ಲ, ಸ್ಕ್ರೀನ್‌ಶಾಟ್ ಕಳಿಸುವುದಿಲ್ಲ. ಆಮೇಲೆ ಹಳೆ ನಂಬರ್‌ಗೆ ಫೋನ್ ಮಾಡಿ ಕೇಳುತ್ತಾರೆ, "ಸಾರ್, ಎಷ್ಟು ಬಂತು ಹೇಳಿ." ಓನರ್ ತಮ್ಮ ಖಾತೆ ನೋಡಿ "ಹದಿನೇಳು ರೂಪಾಯಿ" ಎನ್ನಬೇಕು.

ಆ ಒಂದು ಉತ್ತರದಿಂದ ಎರಡು ವಿಷಯ ಒಟ್ಟಿಗೆ ಗೊತ್ತಾಗುತ್ತದೆ: ಫೋನಿನಲ್ಲಿರುವ ದನಿ ನೀವು ಬಲ್ಲ ಓನರದ್ದು, ಮತ್ತು ಆ ಖಾತೆಯೊಳಗೆ ನೋಡಬಲ್ಲವರು ಅವರೇ. "ಎಷ್ಟು ಹಾಕಿದ್ರಿ, ನೀವೇ ಹೇಳಿ" ಎಂದರೆ ಹೇಳಬೇಡಿ. ಮೆಸೇಜ್ ಬರುವುದು ತಡವಾದರೆ ಕಾಯಿರಿ, ನೆಫ್ಟ್ ಅರ್ಧ ಗಂಟೆಗೊಮ್ಮೆ ಕಂತಿನಲ್ಲಿ ಹೋಗುತ್ತದೆ. ಓನರ್‌ಗೆ ಮೊಬೈಲ್ ಬ್ಯಾಂಕಿಂಗ್ ಬಾರದಿದ್ದರೆ ಮರುದಿನ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಹೇಳಲಿ. ಒಂದು ದಿನ ತಡವಾದರೆ ಏನೂ ಹಾಳಾಗುವುದಿಲ್ಲ.

### ಹಂತ 8: ಮೊದಲ ಬಾಡಿಗೆ ಹಾಕಿ, ಹಳೆಯದನ್ನು ಆಮೇಲೆ ತೆಗೆಯಿರಿ

ಪರೀಕ್ಷೆಯ ಹಣ ಹೋದ ಅದೇ ಉಳಿಸಿದ ಖಾತೆಗೆ ಉಳಿದ 17,983 ರೂಪಾಯಿ ಹಾಕಿ. ನಂಬರ್ ಮತ್ತೆ ಟೈಪ್ ಮಾಡಬೇಡಿ, ಒಂದು ಅಂಕಿ ತಪ್ಪಿದರೆ ಮಾಡಿದ್ದೆಲ್ಲ ವ್ಯರ್ಥ. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ಇಷ್ಟೇ ಕಳಿಸಬಹುದೆಂದು ಬಹಳಷ್ಟು ಬ್ಯಾಂಕುಗಳು ಮಿತಿ ಇಡುತ್ತವೆ, ಆದ್ದರಿಂದ 5ನೇ ತಾರೀಖಿನವರೆಗೆ ಕಾಯಬೇಡಿ. ಟಿಪ್ಪಣಿಯಲ್ಲಿ "ಜುಲೈ ಬಾಡಿಗೆ, ಮನೆ 2" ಎಂದು ಬರೆಯಿರಿ. ಓನರ್ ರಶೀದಿ ಕೊಟ್ಟ ಮೇಲೆ ಹಳೆ ಖಾತೆಯ ಸ್ವಯಂ ಪಾವತಿ ಸೂಚನೆ ರದ್ದು ಮಾಡಿ. ನೋಟಿಸನ್ನು ಕರಾರಿನ ಜೊತೆಗೇ ಪಿನ್ ಮಾಡಿ ಇಡಿ.

## ಹೆಸರೇ ಬೇರೆಯಾದರೆ

"ನನ್ನ ಮಗನ ಅಕೌಂಟ್‌ಗೆ ಹಾಕಿ" ಎಂಬುದು ನಿಜವೇ ಇರಬಹುದು. ಆದರೂ ಕರಾರಿನಲ್ಲಿರುವ ಓನರ್ ಸಹಿ ಮಾಡಿ, "ಈ ಖಾತೆಗೆ ಹಾಕಿದರೆ ನನಗೆ ಬಾಡಿಗೆ ಕೊಟ್ಟ ಹಾಗೆ" ಎಂದು ಬರೆದುಕೊಡಬೇಕು. ಇಲ್ಲದಿದ್ದರೆ ನಾಳೆ ಬಾಡಿಗೆ ಬಂದಿಲ್ಲ ಎಂಬ ಜಗಳಕ್ಕೆ ನಿಮ್ಮ ಬಳಿ ಉತ್ತರ ಇರುವುದಿಲ್ಲ. ಆಫೀಸಿನಲ್ಲಿ ಎಚ್‌ಆರ್‌ಎ ತೋರಿಸುವವರಿಗೆ ರಶೀದಿ ಒಬ್ಬರದ್ದು, ಹಣ ಹೋದದ್ದು ಇನ್ನೊಬ್ಬರಿಗೆ ಎಂದಾದರೆ ತಲೆನೋವು ಬೇರೆ.

ಓನರ್ ತೀರಿಕೊಂಡಿದ್ದರೆ ಒಬ್ಬ ಮಗನ ಮಾತಿನ ಮೇಲೆ ಖಾತೆ ಬದಲಿಸಬೇಡಿ. ವಾರಸುದಾರರೆಲ್ಲರ ಸಹಿ ಇರುವ ಪತ್ರ ಕೇಳಿ. ಓನರ್ ವಿದೇಶಕ್ಕೆ ಹೋಗಿ ನೆಲೆಸಿ, ಅನಿವಾಸಿಗಳಿಗಾಗಿ ಇರುವ ಎನ್‌ಆರ್‌ಒ ಖಾತೆ ಕೊಟ್ಟರೆ, ಬಾಡಿಗೆಯಲ್ಲೇ ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟುವ, ಅಂದರೆ ಟಿಡಿಎಸ್ ಹೊಣೆ ಬಾಡಿಗೆದಾರರ ಮೇಲೆ ಬರುತ್ತದೆ, ಬಾಡಿಗೆ ಕಡಿಮೆ ಇದ್ದರೂ. ಮೊದಲ ಹಣ ಹಾಕುವ ಮುಂಚೆಯೇ ಆಡಿಟರ್ ಒಬ್ಬರನ್ನು ಕೇಳಿ.

## ಇವು ಕಂಡರೆ ನಿಲ್ಲಿಸಿ

"ಮೀಟಿಂಗ್‌ನಲ್ಲಿದ್ದೀನಿ, ಫೋನ್ ಮಾಡಬೇಡಿ, ಹಣ ಹಾಕಿ ಸ್ಕ್ರೀನ್‌ಶಾಟ್ ಕಳಿಸಿ" ಎಂಬುದು ಎಲ್ಲಕ್ಕಿಂತ ಕೆಟ್ಟ ಲಕ್ಷಣ. ಖಚಿತ ಮಾಡಿಕೊಳ್ಳುವ ಒಂದೇ ದಾರಿಯನ್ನು ಅದು ಮುಚ್ಚುತ್ತದೆ. ಹಳೆ ಖಾತೆ ಫ್ರೀಜ್ ಆಗಿದೆ ಎನ್ನುವುದು, ಎರಡು ತಿಂಗಳದ್ದು ಒಟ್ಟಿಗೆ ಹಾಕಿದರೆ ಸಾವಿರ ಬಿಡುತ್ತೇನೆ ಎನ್ನುವುದು, ಯಾವತ್ತೂ ಕನ್ನಡದಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದವರು ಇದ್ದಕ್ಕಿದ್ದಂತೆ ಉದ್ದನೆಯ ಇಂಗ್ಲಿಷ್ ಬರೆಯುವುದು, ಇವೂ ಅಷ್ಟೇ. ಹೊಸ ಕರಾರು ಎಂದು ಹೆಸರಿಟ್ಟ, .apk ಎಂದು ಕೊನೆಯಾಗುವ ಫೈಲ್ ಬಂದರೆ ತೆರೆಯಲೇಬೇಡಿ. ಅದು ಕಾಗದವಲ್ಲ, ಫೋನಿಗೆ ಇಳಿಯುವ ಆಪ್.

## ಹಣ ಹೋಗಿಬಿಟ್ಟಿದ್ದರೆ

ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ತಕ್ಷಣ. ರಾತ್ರಿಯಾದರೂ ಮಾಡಿ, ಬೆಳಿಗ್ಗೆ ನೋಡೋಣ ಎನ್ನಬೇಡಿ. ಹಣ ಇನ್ನೂ ಆ ಖಾತೆಯಲ್ಲೋ ಮುಂದಿನ ಖಾತೆಯಲ್ಲೋ ಇದ್ದರೆ ಮಾತ್ರ ತಡೆಹಿಡಿಯಬಹುದು, ಮೋಸಗಾರರು ಅದನ್ನು ಬೇಗ ಬೇರೆ ಬೇರೆ ಖಾತೆಗೆ ಹಂಚುತ್ತಾರೆ. ಕರೆ ಮಾಡುವಾಗ ಹಣ ಕಳಿಸಿದ ಸಮಯ, ಮೊತ್ತ, ಹೋದ ಖಾತೆ ನಂಬರ್ ಮತ್ತು ಯುಟಿಆರ್ ನಂಬರ್ ಕೈಯಲ್ಲಿರಲಿ. ಯುಟಿಆರ್ ಅಂದರೆ ಆ ಪಾವತಿಯ ಗುರುತಿನ ಸಂಖ್ಯೆ, ನಿಮ್ಮ ಆಪ್‌ನಲ್ಲಿ ಆ ಪಾವತಿಯ ವಿವರದೊಳಗೆ ಇರುತ್ತದೆ. ಆಮೇಲೆ cybercrime.gov.in ನಲ್ಲಿ ದೂರು ದಾಖಲಿಸಿ, ನಿಮ್ಮ ಬ್ಯಾಂಕಿಗೂ ಬರವಣಿಗೆಯಲ್ಲಿ ತಿಳಿಸಿ. ಪಿನ್ ನೀವೇ ಒತ್ತಿ ಕಳಿಸಿದ ಹಣ ಇದು. ಗೊತ್ತಿಲ್ಲದೆ ಖಾತೆಯಿಂದ ಕಡಿತವಾದ ಹಣದ ಹಾಗೆ ಬ್ಯಾಂಕ್ ವಾಪಸ್ ತುಂಬಿಕೊಡುತ್ತದೆ ಎಂದು ನೆಚ್ಚಿಕೊಳ್ಳಬೇಡಿ.

ಚಾಟ್ ಅಳಿಸಬೇಡಿ, ಆ ನಂಬರನ್ನು ಬ್ಲಾಕ್ ಮಾಡುವ ಮುಂಚೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ಕಟ್ಟಡದ ಉಳಿದ ನಾಲ್ಕು ಮನೆಗೂ ಹೋಗಿ ಹೇಳಿ, ಅವರಿಗೂ ಅದೇ ಸಂದೇಶ ಬಂದಿರುವ ಸಾಧ್ಯತೆ ಜಾಸ್ತಿ. ಓನರ್‌ಗೆ ಫೋನ್ ಮಾಡಿ ಅವರ ವಾಟ್ಸಾಪ್ ಮತ್ತೆ ಲಾಗಿನ್ ಮಾಡಿಸಿ, ಕಾಲ್ ಫಾರ್ವರ್ಡಿಂಗ್ ಆನ್ ಆಗಿದೆಯಾ ಎಂದು ನೋಡಲು ಹೇಳಿ.

ಇನ್ನು ಆ ತಿಂಗಳ ಬಾಡಿಗೆ. ಓನರ್‌ಗೆ ಹಣ ತಲುಪಿಲ್ಲ, ಹಾಗಾಗಿ ಅವರು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಸಂದೇಶ ಅವರದೇ ವಾಟ್ಸಾಪ್‌ನಿಂದ ಬಂದಿದ್ದರೆ ಹೊರೆಯನ್ನೆಲ್ಲ ಬಾಡಿಗೆದಾರರ ಮೇಲೆ ಹಾಕುವುದೂ ನ್ಯಾಯವಲ್ಲ. 1930ರ ದೂರಿನ ಪ್ರತಿ ಇಟ್ಟುಕೊಂಡು ಕೂತು ಮಾತಾಡಿ. ಎರಡು ಮೂರು ಕಂತಿನಲ್ಲಿ ಕೊಡುವುದೋ, ಅರ್ಧ ಬಿಡುವುದೋ, ತಡೆಹಿಡಿದ ಹಣ ವಾಪಸ್ ಬಂದರೆ ಯಾರಿಗೆ ಎಷ್ಟು ಎಂಬುದೋ, ಒಪ್ಪಿದ್ದನ್ನು ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿ. "ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ" ಎಂದು ಬಾಯಿಮಾತಿನಲ್ಲಿ ಬಿಡಬೇಡಿ. ಮನೆ ಖಾಲಿ ಮಾಡುವ ದಿನ ಆ ಮಾತು ಇಬ್ಬರಿಗೂ ಬೇರೆ ಬೇರೆ ಥರ ನೆನಪಿರುತ್ತದೆ.